ಕೋರಂ ಎಂದರೆ ಎಷ್ಟು ಜನ, ಬರೆದುಬಿಡಿ

ಕೇಳುಗರಿಗೆ ನಮಸ್ಕಾರ. ಗೃಹ ಸಂಘದ ಸರ್ವಸದಸ್ಯರ ಸಭೆಗೆ ನೋಟಿಸು ಬರೆಯಲು ಕೂತ ಕಾರ್ಯದರ್ಶಿಗಳಿಗೆ ನಾನು ಹೇಳುವುದು ಒಂದೇ ಮಾತು: ಕೋರಂ, ಅಂದರೆ ಸಭೆ ನಡೆಯಲು ಹಾಜರಿರಲೇಬೇಕಾದ ಕನಿಷ್ಠ ಸದಸ್ಯರು, ಎಷ್ಟೆಂದು ಅಂಕಿಯಲ್ಲಿ ಬರೆಯಿರಿ. ‘ನಿಯಮದಂತೆ ಕೋರಂ’ ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ.

ಒಂದು ಸಂಘದ ಜಗಳ ಬಿಡಿಸಲು ನನ್ನನ್ನು ಕರೆದಿದ್ದರು. ಅಲ್ಲಿ 94 ಸದಸ್ಯರು. ಬೈಲಾ ಪ್ರಕಾರ ಮೂರನೇ ಒಂದು ಭಾಗಕ್ಕೆ ಕಡಿಮೆಯಾಗದಷ್ಟು ಜನ ಬೇಕು. ನೋಟಿಸಿನಲ್ಲಿ ‘ಮೂರನೇ ಒಂದು ಭಾಗ’ ಎಂದಷ್ಟೇ ಇತ್ತು. 94ನ್ನು ಮೂರರಿಂದ ಭಾಗಿಸಿದರೆ 31 ದಾಟಿ ಚೂರು ಉಳಿಯುತ್ತದೆ. ಕಡಿಮೆಯಾಗಬಾರದು ಎಂದಮೇಲೆ 32 ಜನ ಇರಲೇಬೇಕು. ಕಾರ್ಯದರ್ಶಿ ಚೂರನ್ನು ಬಿಟ್ಟು 31 ಸಾಕೆಂದುಕೊಂಡಿದ್ದರು. ಹಾಜರಿ ಪುಸ್ತಕದಲ್ಲಿ 33 ಸಹಿ ಕಂಡವು, ಎಲ್ಲರೂ ನಿರಾಳ. ಹೊಸ ಲಿಫ್ಟಿನ ಠರಾವು ಪಾಸಾಯಿತು. ವಾರದ ನಂತರ, ವಂತಿಗೆ ಕೊಡಲು ಒಪ್ಪದ ಸದಸ್ಯರೊಬ್ಬರು ಅದೇ ಪುಸ್ತಕವನ್ನು ಕೇಳಿ ಪಡೆದು, ಸಹಿಗಳ ಮುಂದಿದ್ದ ಮನೆ ನಂಬರುಗಳ ಮೇಲೆ ಬೆರಳಾಡಿಸುತ್ತಾ ಬಂದರು. ಎರಡು ಮನೆಗಳಿಂದ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ್ದರು. ಆ ಸಂಘದಲ್ಲಿ ಜಂಟಿ ಮಾಲೀಕರದ್ದು ಒಂದೇ ಸದಸ್ಯತ್ವ. 33ರಲ್ಲಿ ಎರಡು ಹೋಗಿ 31 ಉಳಿಯಿತು. ಒಬ್ಬರು ಕಡಿಮೆ ಬಿದ್ದು ಸಭೆಯನ್ನು ಮತ್ತೆ ಕರೆಯಬೇಕಾಯಿತು.

ಹೊಸ ನೋಟಿಸನ್ನು ನಾನೇ ಹೀಗೆ ಬರೆಸಿದೆ: ‘ಒಟ್ಟು ಸದಸ್ಯರು 94. ಕೋರಂ 32. ಜಂಟಿ ಮಾಲೀಕರಿರುವ ಮನೆಗೆ ಒಂದೇ ಹಾಜರಿ. ಬೆಳಿಗ್ಗೆ 10:30ರ ಒಳಗೆ 32 ಸದಸ್ಯರು ಸೇರದಿದ್ದರೆ ಸಭೆಯನ್ನು ಮುಂದೂಡಿ, ಮುಂದಿನ ಭಾನುವಾರ 10 ಗಂಟೆಗೆ ಇದೇ ಸ್ಥಳದಲ್ಲಿ, ಇದೇ ಕಾರ್ಯಸೂಚಿಯ ಮೇಲೆ ನಡೆಸಲಾಗುವುದು.’ ಮುಂದೂಡಿದ ಸಭೆಗೆ ಕೋರಂ ಬೇಕೋ ಬೇಡವೋ ಎಂಬುದನ್ನೂ ಬೈಲಾ ನೋಡಿ ಅದರ ಕೆಳಗೇ ಸೇರಿಸಿದೆವು. ನೋಡಿ, ಇಷ್ಟೇ. ನಾಲ್ಕಾರು ಸಾಲು ಬರೆಯಲು ಯಾಕಿಷ್ಟು ಸಂಕೋಚ?

ಕಥೆ ಉದ್ದವಾಯಿತು, ಕಾರ್ಯಸೂಚಿಯನ್ನು ಬೇಗ ಹೇಳಿಬಿಡುತ್ತೇನೆ. ‘ಲಿಫ್ಟ್ ವಿಚಾರ’ ಎಂದು ಬರೆದರೆ ರಿಪೇರಿಯೋ, ಹೊಸದೋ, ಗೊಣಗಾಟ ಕೇಳಿಸಿಕೊಳ್ಳುವುದೋ ಯಾರಿಗೂ ಗೊತ್ತಾಗುವುದಿಲ್ಲ. ‘ಬಿ ಬ್ಲಾಕಿನ ಹಳೆಯ ಲಿಫ್ಟ್ ತೆಗೆದು ಹೊಸದನ್ನು ಹಾಕಿಸಲು, ಅದರ ವೆಚ್ಚವನ್ನು ಎಲ್ಲ ಮನೆಗಳಿಂದ ಸಮನಾಗಿ ವಸೂಲು ಮಾಡಲು ಒಪ್ಪಿಗೆ ಪಡೆಯುವುದು’ ಎಂದು ಬರೆಯಿರಿ, ಮೊತ್ತವನ್ನೂ ಅಲ್ಲೇ ಕಾಣಿಸಿ. ಓದಿದವರು ಹೌದು ಅಥವಾ ಬೇಡ ಎನ್ನುವಂತಿರಬೇಕು. ಮನೆಯಲ್ಲೇ ಉಳಿಯಲೋ ಸಭೆಗೆ ಹೋಗಲೋ ಎಂದು ಅದನ್ನು ನೋಡಿಯೇ ಅವರು ತೀರ್ಮಾನಿಸುತ್ತಾರೆ.

ಕೊನೆಯಲ್ಲಿ ಬರುವ ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯಗಳು’ ಎಂಬ ಸಾಲಿನಡಿ ಹಣದ ಠರಾವನ್ನು ದಯವಿಟ್ಟು ತರಬೇಡಿ. ಅಲ್ಲಿ ಯಾರಾದರೂ ಹಣದ ಮಾತೆತ್ತಿದರೆ ನಡಾವಳಿಯಲ್ಲಿ ‘ಮುಂದಿನ ಸಭೆಯ ಕಾರ್ಯಸೂಚಿಗೆ’ ಎಂದು ಬರೆದುಕೊಂಡು ಮುಂದಕ್ಕೆ ಹೋಗಿ. ನಮಸ್ಕಾರ.