ಮಾತಾಡಿಸಿಕೊಂಡು ಬರೋದು

ಕೇಳುಗರಿಗೆ ನಮಸ್ಕಾರ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಒಂದು ಮನೆಯಲ್ಲಿ ಸಾವಾಯಿತು ಅಂದರೆ ಎರಡು ಸಲ ಹೋಗುವುದಿರುತ್ತದೆ. ಮೊದಲನೆಯದು ಮಣ್ಣಿಗೆ ಹೋಗುವುದು. ಎರಡನೆಯದು ಮಾತಾಡಿಸಿಕೊಂಡು ಬರುವುದು. ‘ಅವರಪ್ಪ ತೀರಿಕೊಂಡಾರಂತ, ಮಾತಾಡಿಸಿಕೊಂಡು ಬರೋಣ ನಡಿ’ ಅಂತ ಮನೆಯಲ್ಲಿ ಹೇಳುತ್ತೇವೆ. ಸಂತಾಪ ಸೂಚಿಸಲು ಹೋಗೋಣ ಅಂತ ಯಾರೂ ಅನ್ನುವುದಿಲ್ಲ. ಸಂತಾಪ ಎನ್ನುವುದು ಪೇಪರಿನ ಮಾತು, ಸಭೆಯ ಮಾತು.

ಮಾತಾಡಿಸುವುದು ಅಂದರೆ ಏನು? ಹೋದವರು ಚೆನ್ನಾಗಿ ನಾಲ್ಕು ಮಾತಾಡುವುದು ಅಂತ ಅಲ್ಲ. ದುಃಖದಲ್ಲಿ ಇರುವವರು ಮಾತಾಡುವ ಹಾಗೆ ಮಾಡುವುದು. ಇದು ತಿಳಿದರೆ ಆ ಮನೆಯಲ್ಲಿ ಏನು ಹೇಳಬೇಕು ಅನ್ನುವ ಚಿಂತೆ ಅರ್ಧ ಕಡಿಮೆಯಾಗುತ್ತದೆ.

ನನಗೆ ಗೊತ್ತಿರುವ ಒಬ್ಬ ಟೀಚರ್ ಮೈಸೂರು ಕಡೆಯವರು. ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಹೊಸದಾಗಿ ಬಂದಿದ್ದರು. ಜೊತೆಗೆ ಕೆಲಸ ಮಾಡುವ ಮೇಷ್ಟ್ರ ತಂದೆ ತೀರಿಕೊಂಡರು. ಮಣ್ಣಿಗೆ ಹೋಗಲು ಆಗಿರಲಿಲ್ಲ, ಮರುದಿನ ಹೊರಟಿದ್ದರು. ಅಲ್ಲಿ ಏನು ಹೇಳಬೇಕು ಅಂತ ನನ್ನನ್ನು ಕೇಳಿದರು. ‘ಐ ಆಮ್ ಸಾರಿ ಫಾರ್ ಯುವರ್ ಲಾಸ್’ ಅಂತ ಇಂಗ್ಲಿಷಿನಲ್ಲಿ ಇದೆಯಲ್ಲ, ಅದನ್ನೇ ಕನ್ನಡ ಮಾಡಿಕೊಂಡಿದ್ದರು: ‘ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇನೆ.’

ಅವರ ಮನಸ್ಸು ಒಳ್ಳೆಯದೇ. ಆದರೆ ಆ ಸಾಲು ಸಾವಿನ ಮನೆಗೆ ಹೊಂದುವುದಿಲ್ಲ. ನಮ್ಮ ಕಡೆ ನಷ್ಟ ಅಂದರೆ ಮೆಣಸಿನಕಾಯಿ ರೇಟು ಬಿದ್ದಾಗ ಆಗುವುದು, ಅಂಗಡಿಗೆ ಬೆಂಕಿ ಬಿದ್ದಾಗ ಆಗುವುದು. ದೊಡ್ಡವರು ಯಾರಾದರೂ ಹೋದಾಗ ‘ನಾಡಿಗೆ ತುಂಬಲಾರದ ನಷ್ಟ’ ಅಂತ ಬರೆಯುತ್ತಾರೆ, ನಿಜ. ಅದು ನಾಡಿಗೆ ಹೇಳುವ ಮಾತು. ಮಗನ ಎದುರಿಗೆ ಕೂತು, ನಿಮ್ಮಪ್ಪ ಹೋದದ್ದು ನಿಮಗೆ ನಷ್ಟ ಅಂತ ಹೇಳಲು ಬರುವುದಿಲ್ಲ. ಇನ್ನು ‘ಸಾರಿ’. ಇಂಗ್ಲಿಷಿನಲ್ಲಿ ಅದಕ್ಕೆ ಮರುಗುವುದು ಅಂತಲೂ ಅರ್ಥ ಇದೆ. ನಮ್ಮ ಬಾಯಲ್ಲಿ ಅದು ಬರೀ ತಪ್ಪಾಯಿತು ಅನ್ನುವುದಕ್ಕೆ ನಿಂತಿದೆ.

ಆ ಸಾಲಿನಲ್ಲಿ ನಾನು ಇದ್ದೇನೆ, ನನ್ನ ವಿಷಾದ ಇದೆ. ನಮ್ಮ ಜನ ಸಾವಿನ ಮನೆಯಲ್ಲಿ ಮೊದಲು ಆಡುವ ಮಾತಿನಲ್ಲಿ ‘ನಾನು’ ಇರುವುದೇ ಇಲ್ಲ. ಅದೊಂದು ಪ್ರಶ್ನೆ: ‘ಹೆಂಗಾತ್ರಿ?’

ಹೇಗಾಯಿತು, ಅಷ್ಟೇ. ಬೇರೆ ಭಾಷೆಗೆ ಹಾಗೇ ತಿರುಗಿಸಿದರೆ ವಿಚಾರಣೆ ಮಾಡಿದ ಹಾಗೆ ಕೇಳುತ್ತದೆ. ನಮ್ಮಲ್ಲಿ ಅದು ಸಮಾಧಾನದ ಮೊದಲ ಮಾತು. ನೀವು ಹೇಳಿ, ನಾನು ಕೇಳಲು ಬಂದಿದ್ದೇನೆ ಅನ್ನುವುದು ಅದರೊಳಗೆ ಇದೆ.

ಹಾಗಾಗಿ ಆ ಟೀಚರ್‌ಗೆ ಇಷ್ಟು ಹೇಳಿದೆ. ಹೋದ ಕೂಡಲೇ ನಮಸ್ಕಾರ ಅನ್ನಬೇಡಿ, ಆರಾಮ ಇದ್ದೀರಾ ಅಂತ ಕೇಳಬೇಡಿ. ಅವರೂ ‘ಬರ್ರಿ ಬರ್ರಿ’ ಅಂತ ಕರೆಯುವುದಿಲ್ಲ, ಅದಕ್ಕೆ ಬೇಜಾರಾಗಬೇಡಿ. ಸುಮ್ನೆ ಹೋಗಿ ಕೂತುಕೊಳ್ಳಿ. ಒಂದೆರಡು ನಿಮಿಷ ಯಾರೂ ಮಾತಾಡದೆ ಇದ್ದರೂ ಪರವಾಗಿಲ್ಲ. ಆಮೇಲೆ ‘ಹೆಂಗಾತ್ರಿ ಸರ್, ಆರಾಮ ಇದ್ರಲ್ಲ?’ ಅಂತ ಕೇಳಿ.

ಅವರು ಹೋದರು, ಹಾಗೇ ಕೇಳಿದರು. ಮೇಷ್ಟ್ರು ಶುರು ಮಾಡಿದರಂತೆ. ‘ಏನಿಲ್ರಿ ಮೇಡಂ, ಸಂಜಿ ತನಕ ಹೊಲದಾಗ ಇದ್ರು. ರಾತ್ರಿ ರೊಟ್ಟಿ ಉಂಡು ಮಲಗಿದ್ರು. ನಸುಕಿನ್ಯಾಗ ಎದಿ ಹಿಡಕೊಂಡ್ರು. ಗಾಡಿ ಮಾಡಿಕೊಂಡು ಸಿಂಧನೂರಿಗೆ ಒಯ್ಯೋದ್ರಾಗ ಹೋಗಿಬಿಟ್ರು.’ ಇಷ್ಟು ಹೇಳಿ ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಊರಿನ ಇನ್ನೊಬ್ಬರು ಬಂದು ಕೂತರು. ಅವರೂ ‘ಹೆಂಗಾತೋ ತಮ್ಮಾ’ ಅಂದರು. ಮೇಷ್ಟ್ರು ಮತ್ತೆ ಹೊಲದಿಂದ ಶುರು ಮಾಡಿದರು.

ಟೀಚರ್‌ಗೆ ಇದು ಕಷ್ಟ ಅನಿಸಿತ್ತು. ಅದನ್ನೇ ಎಷ್ಟು ಸಲ ಹೇಳಿಸುತ್ತಾರೆ ಇವರು, ಅಂತ ಆಮೇಲೆ ನನ್ನನ್ನು ಕೇಳಿದರು. ಅಂಥ ಮನೆಗಳಲ್ಲಿ ಕೂತು ನೋಡಿದವರಿಗೆ ಗೊತ್ತು, ಹೇಳಿಸುವುದೇ ಅಲ್ಲಿ ಆಗಬೇಕಾದ ಕೆಲಸ. ಮೊದಲ ದಿನ ಆ ಕಥೆ ಎದೆ ಹಿಡಿದುಕೊಂಡ ಜಾಗಕ್ಕೆ ಬಂದು ನಿಂತುಬಿಡುತ್ತದೆ. ಮುಂದೆ ಹೇಳಲು ಆಗುವುದಿಲ್ಲ. ಮೂರನೆಯ ದಿನದ ಹೊತ್ತಿಗೆ ಗಾಡಿಯ ತನಕ ಬರುತ್ತದೆ. ಕೆಲವು ದಿನ ಕಳೆದ ಮೇಲೆ ಮಣ್ಣು ಮುಗಿದ ತನಕ ಹೇಳುತ್ತಾರೆ, ನಡುವೆ ಅಪ್ಪನ ಬೇರೆ ಸುದ್ದಿಯೂ ಬರುತ್ತದೆ. ಯಾವ ಹೊಲ ಹೇಗೆ ಕೊಂಡರು, ಯಾವ ಎತ್ತು ಇತ್ತು, ಯಾರ ಮದುವೆ ಮಾಡಿದರು. ಆಗ ಮನಸ್ಸು ಒಂದಿಷ್ಟು ಹಗುರಾಗಿದೆ ಅಂತ ತಿಳಿಯಬಹುದು.

ಕೇಳುವವರು ಜಾಸ್ತಿ ಮಾತಾಡುವುದಿಲ್ಲ. ‘ಅಯ್ಯ ಶಿವನ’, ‘ಹೌದೇನ್ರಿ’, ‘ಹಿಂಗಾಗಬಾರದಿತ್ತು ನೋಡ್ರಿ’. ಇಷ್ಟು ಸಾಕು.

ಈ ಪ್ರಶ್ನೆಯೇ ನೋವು ಮಾಡುವುದೂ ಇದೆ. ‘ಹೆಂಗಾತ್ರಿ’ ಆದಮೇಲೆ ‘ಯಾಕ ಲಗೂ ಒಯ್ಯಲಿಲ್ಲ?’, ‘ಸೀದಾ ಬಳ್ಳಾರಿಗೆ ಒಯ್ಯಬೇಕಿತ್ತು’, ‘ಮೊದಲೇ ತೋರಿಸಿದ್ದಿಲ್ಲೇನು?’ ಅಂತ ಮುಂದುವರಿಸುವವರು ಇದ್ದಾರೆ. ಆಗ ಮಗ ಕಥೆ ಹೇಳುವುದು ಬಿಟ್ಟು, ತಾನು ಏನೂ ಕಡಿಮೆ ಮಾಡಲಿಲ್ಲ ಅಂತ ಲೆಕ್ಕ ಒಪ್ಪಿಸಲು ಶುರು ಮಾಡುತ್ತಾನೆ. ‘ಇಲ್ರಿ, ಗಾಡಿ ಸಿಗಲಿಲ್ರಿ’ ಅಂತ ಒಂದು ಮಾತು ಬಂತು ಅಂದರೆ ನಾವು ಹಾದಿ ತಪ್ಪಿದ್ದೇವೆ ಅಂತ ಗೊತ್ತಾಗಬೇಕು. ಅಲ್ಲಿಗೇ ನಿಲ್ಲಿಸಿ ‘ನೀವು ಮಾಡೋದೆಲ್ಲಾ ಮಾಡೀರಿ, ನಮ್ಮ ಕೈಯಾಗ ಏನೈತ್ರಿ’ ಅಂದುಬಿಡಬೇಕು. ಯಾರಾದರೂ ತಾವಾಗಿಯೇ ಜೀವ ಕಳೆದುಕೊಂಡ ಮನೆಯಲ್ಲಂತೂ ‘ಹೆಂಗಾತು’ ಅನ್ನಲೇಬಾರದು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ ಸಾಕು.

ಈ ಕೇಳುವ ಪದ್ಧತಿ ಕನ್ನಡ ಮಾತಾಡುವವರದ್ದು ಮಾತ್ರ ಅಲ್ಲ. ಬಳ್ಳಾರಿ 1953ರ ತನಕ ಮದ್ರಾಸ್ ಕಡೆ ಇತ್ತು, ರಾಯಚೂರು, ಕೊಪ್ಪಳ ನಿಜಾಮರ ಸೀಮೆಯಲ್ಲಿದ್ದವು. ಹಾಗಾಗಿ ನಮ್ಮ ಓಣಿಗಳಲ್ಲಿ ತೆಲುಗು ಇದೆ, ಉರ್ದು ಇದೆ. ತೆಲುಗಿನವರು ಸಾವಿನ ಮನೆಗೆ ಹೋಗುವುದಕ್ಕೆ ‘ಪರಾಮರ್ಶ’ ಅನ್ನುತ್ತಾರೆ, ಅಂದರೆ ಹೋಗಿ ವಿಚಾರಿಸುವುದು. ಕನ್ನಡದಲ್ಲಿ ಪರಾಮರ್ಶೆ ಅಂದರೆ ಪುಸ್ತಕವನ್ನೋ ಲೆಕ್ಕವನ್ನೋ ಕೂಲಂಕಷವಾಗಿ ನೋಡುವುದು. ಹಾಗಾಗಿ ಆ ಪದವನ್ನು ಕನ್ನಡಕ್ಕೆ ಹಾಗೇ ಎತ್ತಿಕೊಂಡರೆ ಕೆಡುತ್ತದೆ. ಉರ್ದುವಿನಲ್ಲಿ ‘ಪುರ್ಸಾ’ ಅನ್ನುತ್ತಾರೆ. ಅದು ಕೇಳು ಅನ್ನುವ ಅರ್ಥದ ಪಾರ್ಸಿ ಮಾತಿನಿಂದ ಬಂದದ್ದು. ಮೂರು ಭಾಷೆಯವರೂ ಸಾವಿನ ಮನೆಗೆ ಕೇಳಲಿಕ್ಕೇ ಹೋಗುತ್ತಾರೆ.

ಸತ್ತರು ಅನ್ನುವುದನ್ನು ಆ ಮನೆಯವರು ದುಃಖದಲ್ಲಿ ಅಂದುಬಿಡಬಹುದು, ನಾವು ಅನ್ನುವುದಿಲ್ಲ. ಲಿಂಗಾಯತರ ಮನೆಯಲ್ಲಿ ‘ಲಿಂಗೈಕ್ಯರಾದರು’, ‘ಶಿವನ ಪಾದ ಸೇರಿದರು’ ಅನ್ನುತ್ತಾರೆ. ಕೈಯಲ್ಲಿ ಇಷ್ಟಲಿಂಗ ಇಟ್ಟು ಕೂರಿಸಿ ಸಮಾಧಿ ಮಾಡುವ ಮನೆಯಲ್ಲಿ ಆ ಮಾತಿಗೆ ಪೂರ್ತಿ ಅರ್ಥ ಇದೆ. ಗೌರವ ಇರಲಿ ಅಂತ ಎಲ್ಲರಿಗೂ ಅದನ್ನೇ ಹಚ್ಚಬಾರದು. ವೈಷ್ಣವರ ಮನೆಯಲ್ಲಿ ‘ಹರಿಪಾದ ಸೇರಿದರು’ ಅನ್ನುತ್ತಾರೆ. ಮುಸ್ಲಿಮರ ಮನೆಯಲ್ಲಿ ‘ಇಂತೆಕಾಲ್ ಆತು’ ಅನ್ನುವುದು ನಮ್ಮ ಕನ್ನಡದೊಳಗೂ ಬಂದಿದೆ. ಗೊತ್ತಾಗದಿದ್ದರೆ ‘ತೀರಿಕೊಂಡರು’ ಅನ್ನಿ, ಎಲ್ಲ ಮನೆಗೂ ನಡೆಯುತ್ತದೆ.

ಇನ್ನು ಎರಡು ಮಾತುಗಳ ಬಗ್ಗೆ ನಿಧಾನವಾಗಿ ಹೇಳಬೇಕು. ಹೊರಗಿನವರು ಇವನ್ನು ಕೇಳಿ ಗಾಬರಿಯಾಗುತ್ತಾರೆ.

ಒಂದು, ‘ಋಣ ಇಷ್ಟೇ ಇತ್ತು’. ಸಾಲದ ಲೆಕ್ಕ ಹೇಳಿದ ಹಾಗೆ ಕೇಳುತ್ತದೆ, ಅಲ್ವಾ? ಅಪ್ಪ ಮಗ, ಗಂಡ ಹೆಂಡತಿ ಆಗಿ ಕೂಡುವುದೇ ಒಂದು ಋಣದಿಂದ, ಅದು ತೀರಿದ ದಿನ ಹೊರಟು ಹೋಗುತ್ತಾರೆ ಅನ್ನುವ ನಂಬಿಕೆ ಅದರ ಹಿಂದೆ ಇದೆ. ನಿನ್ನ ತಪ್ಪಿನಿಂದ ಹೋಗಲಿಲ್ಲ ಅಂತ ಹೇಳುವ ದಾರಿ ಅದು. ತುಂಬಾ ವರ್ಷ ಜೊತೆ ಬಾಳಿದವರಿಗೆ ಅದು ಸಮಾಧಾನ ಕೊಡುತ್ತದೆ. ಮಗು ಕಳೆದುಕೊಂಡ ತಾಯಿಗೆ ಮಾತ್ರ ದಯವಿಟ್ಟು ಅನ್ನಬೇಡಿ. ‘ಇನ್ನೊಂದು ಆಗ್ತೈತಿ ಬಿಡವ್ವ’ ಅನ್ನುವುದಂತೂ ಅದಕ್ಕಿಂತ ಕೆಟ್ಟದ್ದು.

ಇನ್ನೊಂದು, ‘ದೇವರಿಗೆ ಕಣ್ಣಿಲ್ಲ’. ಇದನ್ನು ಅನ್ನುವವರು ದಿನಾ ಕೈ ಮುಗಿಯುವ ಹಿರಿಯರೇ. ಹರೆಯದವರು ಹೋದಾಗ ಈ ಮಾತು ಬರುತ್ತದೆ. ತಾಯಿ ದೇವರನ್ನು ಬೈಯಬೇಕು ಅಂತಿರುತ್ತಾಳೆ, ಬೈಯಲು ಹೆದರುತ್ತಾಳೆ. ಹಿರಿಯರೊಬ್ಬರು ಅವಳ ಪರವಾಗಿ ಆ ಮಾತು ಆಡಿಬಿಡುತ್ತಾರೆ. ಅದನ್ನು ನಾಸ್ತಿಕರ ಮಾತು ಅಂತ ತಿಳಿಯುವವರಿಗೆ ನಮ್ಮ ಮನೆಗಳು ಗೊತ್ತಿಲ್ಲ.

ವಯಸ್ಸಾದವರು ಹೋದಾಗ ‘ತುಂಬಿದ ಬಾಳ್ವೆ, ಎಲ್ಲಾ ನೋಡ್ಯಾರ’ ಅನ್ನುವುದುಂಟು. ಮೊದಲು ಮನೆಯವರ ಬಾಯಿಂದ ಬರಲಿ, ಆಮೇಲೆ ನಾವು ಹೌದು ಅನ್ನೋಣ. ತೊಂಬತ್ತು ದಾಟಿದ್ದರೂ ಮಗಳಿಗೆ ಅವಳು ಅವ್ವನೇ.

ಹೆಣ್ಣುಮಕ್ಕಳ ಅಳುವಿನ ವಿಷಯವೂ ಇದೆ. ತವರಿಗೆ ಬಂದ ಮಗಳು ಬಾಗಿಲಲ್ಲೇ ‘ಯಪ್ಪಾ, ನಮ್ಮನ್ನ ಯಾರ ಕೈಯಾಗ ಕೊಟ್ಟು ಹೋದ್ಯೋ’ ಅಂತ ಹಾಡಿ ಅಳುತ್ತಾಳೆ. ಹೋದವರನ್ನೇ ನೀನು ಅಂತ ಕರೆದು ಕೇಳುವ ಪ್ರಶ್ನೆ ಅದು. ನಗರದಿಂದ ಬಂದವರು ಕೂಡಲೇ ‘ಅಳಬೇಡ್ರಿ, ಸುಮ್ಮನಿರ್ರಿ’ ಅನ್ನುತ್ತಾರೆ. ಅಳಲಿ ಬಿಡಿ. ಊರಿನ ಹಿರಿಯ ಹೆಂಗಸರು ಅವಳನ್ನು ತಬ್ಬಿಕೊಂಡು ತಾವೂ ಅಳುತ್ತಾರೆ. ಅವಳ ಉಸಿರು ಕಟ್ಟಿದ ಹಾಗಾದಾಗ ಮಾತ್ರ ‘ಸಾಕು ಯವ್ವಾ, ನೀರು ಕುಡಿ’ ಅನ್ನುತ್ತಾರೆ. ಯಾವಾಗ ಅನ್ನಬೇಕು ಅನ್ನುವುದು ಅವರಿಗೆ ತಿಳಿದಿರುತ್ತದೆ.

ಸಾವಾದ ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೋ ಬೀಗರೋ ರೊಟ್ಟಿ, ಅನ್ನ, ಸಾರು ಮಾಡಿ ತರುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಗಸು ತಟ್ಟೆ ಮುಟ್ಟುವುದಿಲ್ಲ. ಅವಳಿಗೆ ‘ನಿನ್ನ ಆರೋಗ್ಯ ನೋಡಿಕೋ’ ಅಂದರೆ ಕೇಳುವುದಿಲ್ಲ. ‘ಎರಡು ತುತ್ತು ಉಣ್ಣವ್ವಾ. ನೀ ಉಂಡ್ರ ಹುಡುಗರು ಉಣ್ತಾವ’ ಅಂದರೆ ಕೈ ತಟ್ಟೆಗೆ ಹೋಗುತ್ತದೆ.

ಏಳುವ ಹೊತ್ತಿನಲ್ಲಿ ಆ ಟೀಚರ್ ಒಂದು ಕ್ಷಣ ತಡವರಿಸಿದರಂತೆ. ದಿನಾ ಯಾರ ಮನೆಯಿಂದ ಎದ್ದರೂ ‘ಹೋಗಿ ಬರ್ತೀನಿ’ ಅನ್ನುವುದು ನಮಗೆಲ್ಲ ರೂಢಿ. ಬರೀ ಹೋಗ್ತೀನಿ ಅಂದರೆ ಅಶುಭ. ಸಾವಿನ ಮನೆಯಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಮತ್ತೆ ಬರ್ತೀನಿ ಅಂದರೆ ಇಂಥದ್ದಕ್ಕೇ ಮತ್ತೆ ಬಂದ ಹಾಗಾಗುತ್ತದೆ. ಹಾಗಾಗಿ ಹೇಳದೆ ಎದ್ದು ಹೋಗುತ್ತಾರೆ. ಮನೆಯವರೂ ‘ಹೋಗಿ ಬರ್ರಿ’ ಅನ್ನುವುದಿಲ್ಲ, ಬಂದದ್ದಕ್ಕೆ ಧನ್ಯವಾದ ಅಂತಲೂ ಹೇಳುವುದಿಲ್ಲ. ಹೇಳದೆ ಏಳುವುದು ತೀರಾ ಕಷ್ಟ ಅನಿಸಿದರೆ ‘ಧೈರ್ಯ ತಗೋರಿ’ ಅಂದು ಎದ್ದರೆ ಆಯಿತು. ಆ ಟೀಚರ್ ಹಾಗೇ ಮಾಡಿದರು.

ದೂರದಲ್ಲಿ ಇರುವವರಿಗೂ ಒಂದು ಮಾತು. ವಾಟ್ಸಾಪಿನಲ್ಲಿ ಓಂ ಶಾಂತಿ ಅಂತ ಹಾಕುವುದು ತಪ್ಪಲ್ಲ. ಆದರೆ ಅದಕ್ಕೆ ಆ ಕಡೆಯಿಂದ ಕೈ ಮುಗಿದ ಚಿತ್ರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಎರಡು ದಿನ ಬಿಟ್ಟು ಫೋನ್ ಮಾಡಿ ‘ಈಗ ಗೊತ್ತಾತ್ರಿ. ಮಣ್ಣಿಗೆ ಬರಾಕ ಆಗಲಿಲ್ಲ. ಹೆಂಗಾತ್ರಿ?’ ಅಂತ ಕೇಳಿ. ಫೋನ್ ಬೇಗ ಇಡುವ ಅವಸರ ಇದ್ದರೆ ಆ ದಿನ ಮಾಡಬೇಡಿ, ಬಿಡುವು ಇರುವ ದಿನ ಮಾಡಿ. ಅವರು ಹೇಳುವುದು ಬಹಳ ಇರುತ್ತದೆ.

ನಮಸ್ಕಾರ.