ಗುಮಾಸ್ತರಿಗೆ ನಮ್ಮ ಬೀದಿಯ ನುಡಿನಮನ

ಅಮ್ಮಾವ್ರಿಗೆ, ಮಕ್ಕಳು ಸೊಸೆಯಂದಿರಿಗೆ, ಊರೂರಿನಿಂದ ಬಂದ ಬೀಗರಿಗೆ, ನೆಂಟರಿಗೆ, ನಮ್ಮ ಬೀದಿಯ ಎಲ್ಲರಿಗೂ ಶರಣು. ಪ್ರಸಾದಕ್ಕೆ ಹೊತ್ತಾಗುತ್ತಿದೆ. ಭಾಷಣ ಉದ್ದವಾದರೆ ಗುಮಾಸ್ತರೇ ಮೊದಲು ಎದ್ದು ಹೋಗುತ್ತಿದ್ದರು. ಹಾಗಾಗಿ ಅವರ ಒಂದೇ ಒಂದು ಕೆಲಸದ ಬಗ್ಗೆ ಹೇಳಿ ಕೂರುತ್ತೇನೆ.

ಅವರ ಪೂರ್ತಿ ಹೆಸರು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಬೀದಿ ಬಾಗಿಲಲ್ಲಿ ಕಟ್ಟಿರುವ ಆ ಫ್ಲೆಕ್ಸ್ ನೋಡಿದ ಮೇಲೆ. ನಮಗೆಲ್ಲ ಅವರು ಗುಮಾಸ್ತರು, ಅಷ್ಟೇ. ದಾವಣಗೆರೆಯ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಒಂದು ಗಿರಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಹೋದವರು ಪಿಎಫ್ ಅರ್ಜಿ ಹಿಡಿದುಕೊಂಡು ಇದೇ ಜಗಲಿಗೆ ಬರುತ್ತಿದ್ದರು. ಹೆಬ್ಬೆಟ್ಟು ಒತ್ತುವವರೇ ಜಾಸ್ತಿ. ಆಮೇಲೆ ಅದೇ ಕಾರ್ಮಿಕರು ತೀರಿಕೊಂಡಾಗ ಅವರ ಹೆಂಡಂದಿರು ಬರತೊಡಗಿದರು. ಗಂಡನ ಪಿಎಫ್ ದುಡ್ಡು ಕೈಗೆ ಬಂದರೆ ಎಲ್ಲಾ ಮುಗಿಯಿತು ಅಂದುಕೊಂಡಿದ್ದವರಿಗೆ, ವಿಧವಾ ಪಿಂಚಣಿ ಅಂತ ಬೇರೆಯೇ ಇದೆ, ಅದಕ್ಕೆ ಬೇರೆ ಅರ್ಜಿ ಹಾಕಬೇಕು ಅಂತ ಹೇಳಿದವರು ಇವರು. ಹೀಗೆ ಸಾವಿನ ಮನೆಯ ಕಾಗದ ಪತ್ರದ ಕೆಲಸ ಅವರ ಪಾಲಿಗೆ ಬಂತು.

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಗುಮಾಸ್ತರು ಬರುತ್ತಿದ್ದರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. ಮೂಲೆಯಲ್ಲಿ ಕೂತು ಮನೆಯಲ್ಲಿ ಎಷ್ಟು ಜನ, ಸಕ್ಕರೆ ಕಾಯಿಲೆಯವರು ಯಾರು, ಕೂಸುಗಳು ಎಷ್ಟು ಅಂತ ಲೆಕ್ಕ ಹಾಕುತ್ತಿದ್ದರು. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಅಡುಗೆ ತರುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಮೊದಲ ದಿನ ಎಲ್ಲರ ಮನೆಯಿಂದಲೂ ಅನ್ನ ಬಂದು ಉಳಿಯುತ್ತದೆ, ಐದನೇ ದಿನ ಯಾರೂ ತರುವುದಿಲ್ಲ. ಇದನ್ನು ಗಮನಿಸಿದವರು ಅವರು. "ಇವತ್ತು ನೀವು ಸುಮ್ನಿರ್ರಿ, ಗುರುವಾರ ರಾತ್ರಿ ರೊಟ್ಟಿ ನಿಮ್ದು" ಅಂತ ನಮ್ಮ ಮನೆಗೇ ಬಂದು ಹೇಳಿದ್ದರು. ನಮ್ಮವಳಿಗೆ ಆಗ ಸಿಟ್ಟೇ ಬಂದಿತ್ತು. ಗುರುವಾರ ರೊಟ್ಟಿ ಕೊಡಲು ಆ ಮನೆಗೆ ಹೋದಾಗ ಅಲ್ಲಿ ಆ ತಾಯಿ ಒಬ್ಬರೇ ಕೂತಿದ್ದರು. ಊಟಕ್ಕಿಂತ ಜಾಸ್ತಿ ಅವರಿಗೆ ಬೇಕಾಗಿದ್ದು ಕೂತು ಮಾತಾಡುವವರು. ನಮ್ಮವಳು ಆವತ್ತು ಮನೆಗೆ ಬಂದದ್ದು ರಾತ್ರಿ ಹತ್ತಕ್ಕೆ.

ಎರಡನೆಯದು ಮರಣ ಪ್ರಮಾಣ ಪತ್ರ. ಹಿಂದಿನ ಬೀದಿಯಲ್ಲಿದ್ದ ಒಬ್ಬ ಗಿರಣಿ ಕಾರ್ಮಿಕರ ವಿಷಯ ಹೇಳುತ್ತೇನೆ. ಅವರು ತೀರಿಕೊಂಡದ್ದು ಚನ್ನಗಿರಿ ಕಡೆಯ ಹಳ್ಳಿಯಲ್ಲಿ, ಮಗಳ ಮನೆಯಲ್ಲಿ. ಮಣ್ಣು ಮಾಡಿದ್ದು ಇಲ್ಲಿ. ಮಕ್ಕಳು ಸರ್ಟಿಫಿಕೇಟಿಗೆ ಇಲ್ಲಿನ ಪಾಲಿಕೆಗೆ ಹೋದರು, ಅಲ್ಲಿ ಆಗುವುದಿಲ್ಲ ಅಂದರು. ಮಕ್ಕಳಿಗೆ ಯಾಕೆ ಅಂತ ತಿಳಿಯಲಿಲ್ಲ. ಗುಮಾಸ್ತರು ಬಿಡಿಸಿ ಹೇಳಿದರು. ಎಲ್ಲಿ ವಾಸ ಇದ್ದರು, ಎಲ್ಲಿ ಮಣ್ಣು ಮಾಡಿದಿರಿ ಅನ್ನೋದು ಲೆಕ್ಕಕ್ಕಿಲ್ಲ. ಜೀವ ಹೋದ ಊರಿನಲ್ಲೇ ನೋಂದಣಿ ಆಗಬೇಕು. ಅದೂ 21 ದಿನದೊಳಗೆ ಆದರೆ ಸುಲಭ. 30 ದಿನದವರೆಗೆ ತಡದ ಶುಲ್ಕ ಕಟ್ಟಬೇಕು. ಆಮೇಲೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಆಗಬೇಕು. ಮರುದಿನ ಬೆಳಿಗ್ಗೆ ದೊಡ್ಡ ಮಗನನ್ನು ಕರೆದುಕೊಂಡು ಅವರೇ ಚನ್ನಗಿರಿ ಬಸ್ ಹತ್ತಿದರು.

ಹೊರಡುವ ಮೊದಲು ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರವಿಸಿದ್ದರು. ಪಿಂಚಣಿ ಪತ್ರದಲ್ಲಿ ಆ ಮನುಷ್ಯನ ಹೆಸರಿನ ಕೊನೆಗೆ 'ಅಪ್ಪ' ಅಂತ ಇತ್ತು. ರೇಷನ್ ಕಾರ್ಡಿನಲ್ಲಿ 'ಅಪ್ಪ' ಇಲ್ಲ, ಮುಂದೆ ಒಂದು ಇನಿಷಿಯಲ್ ಇತ್ತು. ನಮ್ಮ ಕಡೆ ಇದು ಯಾರ ಮನೆಯಲ್ಲಿ ಇಲ್ಲ ಹೇಳಿ! ಊರಿನವರ ಬಾಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಗಿರಣಿಯಲ್ಲಿ ಇನ್ನೊಂದು. ನೋಂದಣಿ ಪುಸ್ತಕದಲ್ಲಿ ಒಮ್ಮೆ ಬರೆದರೆ ತಿದ್ದಿಸಲು ಮತ್ತೆ ಅರ್ಜಿ, ದಾಖಲೆ, ಓಡಾಟ. ಅದಕ್ಕೆ ಅವರು ಪಿಂಚಣಿ ಪತ್ರದಲ್ಲಿ ಇದ್ದ ಹಾಗೇ, ಒಂದಕ್ಷರ ಬಿಡದೆ ಬರೆಸಿದರು. ಉಳಿದ ಹೆಸರೂ ಅದೇ ಮನುಷ್ಯನದು ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದರು. ಆ ಮನೆಯ ಎಟಿಎಂ ಕಾರ್ಡನ್ನೂ ಇಸಿದುಕೊಂಡು ಕವರಿನಲ್ಲಿ ಹಾಕಿ, ಆ ತಾಯಿಯ ಕೈಗೇ ಕೊಟ್ಟು, ಯಾರಿಗೂ ಕೊಡಬೇಡಿ ಅಂದರು. ತೀರಿಕೊಂಡ ಮೇಲೆ ಖಾತೆಗೆ ಬಿದ್ದ ಪಿಂಚಣಿ ತೆಗೆದುಕೊಂಡರೆ ಮುಂದೆ ಅದನ್ನು ವಾಪಸ್ ಕಟ್ಟಬೇಕಾಗುತ್ತದೆ ಅಂತ. ಆ ತಾಯಿಗೆ ಪಿಂಚಣಿ ಬಂತು. ಅವರು ಇವತ್ತೂ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ.

ಜೆರಾಕ್ಸ್ ಖರ್ಚು ಬಿಟ್ಟು ಒಂದು ಪೈಸೆ ಮುಟ್ಟಿದವರಲ್ಲ. ಬೈಗುಳ ಮಾತ್ರ ಧಾರಾಳವಾಗಿತ್ತು. ಸಹಿ ಗೆರೆ ದಾಟಿದರೆ ಬೈಗುಳ, ಆಸ್ಪತ್ರೆ ಚೀಟಿ ಕಳೆದರೆ ಬೈಗುಳ. ಅಳುತ್ತಾ ಕೂತವರನ್ನೂ ಬೈದದ್ದು ನಾನೇ ನೋಡಿದ್ದೇನೆ. ಕೆಲವರು ಬೇಜಾರು ಮಾಡಿಕೊಂಡದ್ದೂ ಇದೆ. ನನಗೇನೋ ಅನ್ನಿಸುತ್ತದೆ, ಬೈಸಿಕೊಳ್ಳುವಾಗ ಮನುಷ್ಯ ಸ್ವಲ್ಪ ಹೊತ್ತು ದುಃಖ ಮರೆಯುತ್ತಾನೆ. ಅವರಿಗೆ ಅದು ಗೊತ್ತಿತ್ತೋ, ಇಲ್ಲಾ ಸ್ವಭಾವವೇ ಹಾಗಿತ್ತೋ, ಅಮ್ಮಾವ್ರೇ ಹೇಳಬೇಕು.

ಇನ್ನು ಮನೆಯವರಿಗೆ ಎರಡು ಮಾತು. ತಮ್ಮಾ, ನೀನು ಬೆಂಗಳೂರಿನಿಂದ ಬರುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದರು ಅಂತ ಇಷ್ಟು ದಿನ ಕೊರಗಿದ್ದೀಯ. ಆ ರಾತ್ರಿ ನಾನು ಇಲ್ಲೇ ಇದ್ದೆ. ಎರಡು ತುತ್ತು ಮೊಸರನ್ನ ಉಂಡರು. ನಿನ್ನ ಮಗಳ ಪರೀಕ್ಷೆ ಮುಗಿಯಿತೇ ಅಂತ ಕೇಳಿದರು, ಮುಗಿದಿದೆ ಅಂದೆ. ನೀನು ಬಾರದೆ ಹೋದೆ ಅನ್ನೋ ಮಾತು ಅವರ ಬಾಯಲ್ಲಿ ಬರಲಿಲ್ಲ. ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. ಡಾಕ್ಟರು ನೋಡಿ ಅದನ್ನೇ ಹೇಳಿದರು. ನೀನು ಪಕ್ಕದಲ್ಲಿದ್ದರೂ ಆ ಗಳಿಗೆ ನಿನಗೂ ಗೊತ್ತಾಗುತ್ತಿರಲಿಲ್ಲ.

ಅಮ್ಮಾ, ಈ ಜಗಲಿಗೆ ಬಂದವರಿಗೆಲ್ಲ ಚಹಾ ಕೊಟ್ಟವರು ನೀವು. ಅವರು ಬೈದು ಕಳಿಸಿದವರನ್ನು ಗೇಟಿನ ಹತ್ತಿರ ನಿಲ್ಲಿಸಿ "ಬೇಜಾರ್ ಮಾಡ್ಕೋಬ್ಯಾಡ್ರಿ, ಕೆಲ್ಸ ಆಗ್ತೈತಿ" ಅಂದವರೂ ನೀವೇ. ಅವರ ಕೆಲಸದಲ್ಲಿ ಅರ್ಧ ನಿಮ್ಮದು ಅಂತ ಬೀದಿಗೆಲ್ಲ ಗೊತ್ತು. ಬಂಧುಗಳೆಲ್ಲ ನಾಳೆ ನಾಡಿದ್ದು ಹೊರಡುತ್ತಾರೆ. ಮನೆ ಖಾಲಿಯಾಗುತ್ತದೆ. ರಾತ್ರಿ ಊಟದ ಪಾಳಿಯನ್ನು ಹೆಣ್ಣುಮಕ್ಕಳು ಆಗಲೇ ಹಂಚಿಕೊಂಡಿದ್ದಾರೆ, ಈ ತಿಂಗಳು ಪೂರ್ತಿ. ಬೇಡ ಅನ್ನಬೇಡಿ.

ನೋಂದಣಿಗೆ ಎದುರುಮನೆ ಹುಡುಗ ಮೂರನೇ ದಿನವೇ ಹೋಗಿ ಬಂದಿದ್ದಾನೆ, ಹೆಸರು ಪಿಂಚಣಿ ಪತ್ರದಲ್ಲಿದ್ದ ಹಾಗೇ ಬರೆಸಿದ್ದಾನೆ. ನಿಮ್ಮ ಪಿಂಚಣಿ ಅರ್ಜಿಗೆ ಸೋಮವಾರ ಹನ್ನೊಂದಕ್ಕೆ ಅವನೂ ನಾನೂ ಬರುತ್ತೇವೆ. ಅವರ ಪಿಪಿಒ ಅನ್ನೋ ಪಿಂಚಣಿ ಪತ್ರ, ನಿಮ್ಮ ಆಧಾರ್, ಪಾಸ್‌ಬುಕ್, ಎರಡು ಫೋಟೋ ತೆಗೆದಿಟ್ಟಿರಿ. ಆಟೋಗೆ ಹೇಳಿದ್ದೇನೆ.