ಎಂ.ಬಿ.ಬಿ.ಎಸ್. ಸೇರಲು ಅಂಕ ಎಷ್ಟಿರಬೇಕು, ವಯಸ್ಸು ಎಷ್ಟಾಗಿರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ವೃತ್ತಿಪರ ಕೋರ್ಸ್ ಅಂದರೆ ಬಹಳಷ್ಟಿವೆ. ಇವತ್ತು ಎಂ.ಬಿ.ಬಿ.ಎಸ್. ಒಂದನ್ನೇ ತಗೊಳ್ಳೋಣ. ನೀಟ್ ರ‍್ಯಾಂಕ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ರ‍್ಯಾಂಕ್ ಬಂದ ಮೇಲೂ ಪಿಯುಸಿ ಅಂಕ, ಹುಟ್ಟಿದ ದಿನಾಂಕ ಇವೆರಡರಲ್ಲಿ ಒಂದು ಸರಿ ಇಲ್ಲದಿದ್ದರೂ ಸೀಟು ಸಿಗುವುದಿಲ್ಲ.

ಮೊದಲು ಅಂಕ. ದ್ವಿತೀಯ ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ 50 ಪರ್ಸೆಂಟ್ ಬೇಕು. ಎಸ್ಸಿ, ಎಸ್ಟಿ ಮತ್ತು ಹಿಂದುಳಿದ ವರ್ಗದವರಿಗೆ 40 ಸಾಕು. ಸಾಮಾನ್ಯ ವರ್ಗದ ಅಂಗವಿಕಲ ಅಭ್ಯರ್ಥಿಗಳಿಗೆ 45. ಇದು ಬಹಳ ಮಂದಿಗೆ ಗೊತ್ತು. ಆದರೆ ಈ ಪರ್ಸೆಂಟ್ ಯಾವುದರ ಮೇಲೆ ಅನ್ನುವುದರಲ್ಲೇ ಎಡವುತ್ತಾರೆ. ಆರೂ ವಿಷಯಗಳ ಮೇಲೆ ಅಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಈ ಮೂರನ್ನು ಒಟ್ಟು ಸೇರಿಸಿ, ಅಂದರೆ 300 ಅಂಕಕ್ಕೆ ಲೆಕ್ಕ. ಇಂಗ್ಲಿಷ್ ಪಾಸಾಗಿದ್ದರೆ ಆಯಿತು.

ಒಬ್ಬ ಹುಡುಗಿಯ ಅಂಕಪಟ್ಟಿ ಹೀಗಿದೆ ಅಂದುಕೊಳ್ಳಿ. ಕನ್ನಡ 88, ಇಂಗ್ಲಿಷ್ 80, ಗಣಿತ 74, ಫಿಸಿಕ್ಸ್ 45, ಕೆಮಿಸ್ಟ್ರಿ 48, ಬಯಾಲಜಿ 56. ಒಟ್ಟು 600ಕ್ಕೆ 391. ಫಸ್ಟ್ ಕ್ಲಾಸ್! ಮನೆಯವರು ನಿಶ್ಚಿಂತೆಯಾಗಿದ್ದಾರೆ. ಈಗ ಬೇಕಾದ ಮೂರನ್ನು ಮಾತ್ರ ಕೂಡಿಸಿ. 149 ಬರುತ್ತದೆ. ಬೇಕಿದ್ದದ್ದು 150. ಸಾಮಾನ್ಯ ವರ್ಗದವಳಾದರೆ ಒಂದು ಅಂಕಕ್ಕೆ ಅನರ್ಹಳು.

49.67 ಇದೆಯಲ್ಲ, 50 ಅಂತ ಹಿಡಿಯಬಾರದಾ ಅಂತ ಕೇಳುವವರಿದ್ದಾರೆ. ನಿಯಮದಲ್ಲಿ ಹಾಗೆ ಹೇಳದಿದ್ದರೆ ಹಿಡಿಯುವ ಹಾಗಿಲ್ಲ. ಒಡಿಶಾದ ನ್ಯಾಯಾಂಗ ಸೇವೆಯ ನೇಮಕಾತಿಯಲ್ಲಿ 45 ಬೇಕಿದ್ದ ಕಡೆ ಒಬ್ಬರಿಗೆ 44.93 ಬಂದಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ 45 ಮಾಡಲು ಒಪ್ಪಲಿಲ್ಲ.

ನಮ್ಮ ಹುಡುಗಿಗೆ ದಾರಿ ಇಲ್ಲ ಅಂತಲ್ಲ. ಕರ್ನಾಟಕದಲ್ಲಿ 2024ರಿಂದ ಪಿಯುಸಿಗೆ ಪರೀಕ್ಷೆ 1, 2, 3 ಅಂತ ಮೂರು ಅವಕಾಶಗಳಿವೆ. ಪಾಸಾದವರೂ ಮತ್ತೆ ಬರೆಯಬಹುದು, ಜಾಸ್ತಿ ಬಂದ ಅಂಕ ಉಳಿಯುತ್ತದೆ. ಫಿಸಿಕ್ಸ್ ಒಂದನ್ನೇ ಬರೆದು 46 ತಂದರೂ ಸಾಕು. ಫಲಿತಾಂಶ ಬಂದ ದಿನವೇ ಆ ಮೂರು ಅಂಕ ಕೂಡಿಸಿ ನೋಡಿ ಅನ್ನುವುದು ಇದಕ್ಕೇ. ಕೌನ್ಸೆಲಿಂಗ್ ಹೊತ್ತಿಗೆ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ಅದೇ ಹುಡುಗಿ 2ಎ ಆಗಿದ್ದರೆ ರಾಜ್ಯದ ಸೀಟಿಗೆ 120 ಸಾಕು. ಆದರೆ ರಿಯಾಯಿತಿ ಜಾತಿಯ ಹೆಸರಿನಿಂದ ಸಿಗುವುದಲ್ಲ, ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರದಿಂದ ಸಿಗುವುದು. ಅದರ ಮೇಲಿನ ಆರ್.ಡಿ. ಸಂಖ್ಯೆ ಅರ್ಜಿಯಲ್ಲಿ ಹೊಂದಬೇಕು. ಅಖಿಲ ಭಾರತ ಕೋಟಾಕ್ಕೆ ಕೇಂದ್ರದ ಓಬಿಸಿ ಪಟ್ಟಿ ಬೇರೆ, ಅದರ ಪ್ರಮಾಣಪತ್ರವೂ ಬೇರೆ. ಇನ್ನೊಂದು ಮಾತು: ಆರ್ಥಿಕವಾಗಿ ಹಿಂದುಳಿದವರ, ಅಂದರೆ ಇ.ಡಬ್ಲ್ಯು.ಎಸ್. ಮೀಸಲಾತಿಯಲ್ಲಿ ಸೀಟು ಇದೆ, ಅಂಕದಲ್ಲಿ ರಿಯಾಯಿತಿ ಇಲ್ಲ. ಅವರಿಗೂ 50 ಬೇಕು.

ಈಗ ವಯಸ್ಸು. ಹಿಂದೆ ನೀಟ್‌ಗೆ ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಕ್ಕೆ 30 ಅಂತ ಗರಿಷ್ಠ ಮಿತಿ ಇಟ್ಟಿದ್ದರು. ಅದು ಕೋರ್ಟ್ ಮೆಟ್ಟಿಲೇರಿತು. 2022ರಿಂದ ಆ ಮಿತಿಯೇ ಇಲ್ಲ. ನಲವತ್ತರಲ್ಲೂ ಬರೆಯಬಹುದು. ಉಳಿದಿರುವುದು ಕನಿಷ್ಠ ವಯಸ್ಸು. ಪ್ರವೇಶದ ವರ್ಷದ ಡಿಸೆಂಬರ್ 31ರೊಳಗೆ 17 ತುಂಬಬೇಕು. ಇದರಲ್ಲಿ ಯಾವ ವರ್ಗಕ್ಕೂ ರಿಯಾಯಿತಿ ಇಲ್ಲ.

ಪರೀಕ್ಷೆಯ ದಿನ 17 ಆಗಿರಬೇಕು ಅಂತ ಹೆದರಿ ಮಗುವನ್ನು ಒಂದು ವರ್ಷ ಮನೆಯಲ್ಲಿ ಕೂರಿಸಬೇಡಿ. ಮೇನಲ್ಲಿ ಪರೀಕ್ಷೆ ಬರೆದು ನವೆಂಬರ್‌ನಲ್ಲಿ 17 ತುಂಬಿದರೂ ನಡೆಯುತ್ತದೆ. 2025ರಲ್ಲಿ 31 ಡಿಸೆಂಬರ್ 2008 ಅಥವಾ ಅದಕ್ಕಿಂತ ಮೊದಲು ಹುಟ್ಟಿದವರು ಅರ್ಹರಾಗಿದ್ದರು. 2009ರ ಜನವರಿ 1ರಂದು ಹುಟ್ಟಿದವರು 2026ಕ್ಕೆ ಕಾಯಬೇಕಾಯಿತು.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ರಾಜಸ್ಥಾನದ ನೇಮಕಾತಿಯೊಂದರಲ್ಲಿ 1984ರ ಜನವರಿ 1ಕ್ಕೆ 28 ತುಂಬಿರಬಾರದು ಅಂತ ನಿಯಮವಿತ್ತು. ಅಭ್ಯರ್ಥಿ ಹುಟ್ಟಿದ್ದು 1956ರ ಜನವರಿ 2. ಇನ್ನೂ ಒಂದು ದಿನ ಇದೆಯಲ್ಲ ಅನ್ನುವುದು ಅವರ ವಾದ. ಹುಟ್ಟಿದ ದಿನವೂ ಲೆಕ್ಕಕ್ಕೆ ಸೇರುವುದರಿಂದ ಹುಟ್ಟುಹಬ್ಬದ ಹಿಂದಿನ ದಿನಕ್ಕೇ ವರ್ಷ ತುಂಬುತ್ತದೆ ಅಂತ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರು ಅನರ್ಹರಾದರು. ಆ ಲೆಕ್ಕದಲ್ಲಿ ಜನವರಿ 1ರ ಮಗುವಿಗೆ ಡಿಸೆಂಬರ್ 31ಕ್ಕೇ 17 ತುಂಬಿತು ಅನ್ನಬಹುದಲ್ವಾ? ಅನ್ನಬಹುದು. ಆದರೆ ನೀಟ್ ಪ್ರಕಟಣೆ ಹುಟ್ಟಿದ ದಿನಾಂಕವನ್ನೇ ಬರೆದು ಗೆರೆ ಎಳೆಯುತ್ತದೆ. ಹಾಗಾಗಿ ಯಾವ ಅರ್ಜಿಯಾದರೂ 'ವಯಸ್ಸು ತುಂಬಿರಬೇಕು' ಅಂತಿದೆಯೋ, 'ಇಂಥ ದಿನಾಂಕದೊಳಗೆ ಹುಟ್ಟಿರಬೇಕು' ಅಂತಿದೆಯೋ ನೋಡಿಕೊಳ್ಳಿ.

ಈ ಲೆಕ್ಕಕ್ಕೆಲ್ಲ ಆಧಾರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದಿನಾಂಕ. ನಿಜವಾಗಿ ಹುಟ್ಟಿದ ದಿನ ಅಮ್ಮನಿಗೆ ಗೊತ್ತಿರುತ್ತದೆ, ಆದರೆ ಶಾಲೆಗೆ ಸೇರಿಸುವಾಗ ಬರೆಸಿದ್ದು ಬೇರೆ ಇರಬಹುದು. ಆಧಾರ್‌ನಲ್ಲಿ ಮತ್ತೊಂದು ಇದ್ದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಆಧಾರ್ ತಿದ್ದಿಸುವುದು ಸುಲಭ, ಎಸ್ಸೆಸ್ಸೆಲ್ಸಿ ದಾಖಲೆ ತಿದ್ದಿಸುವುದು ಬಹಳ ಕಷ್ಟ. ಮಕ್ಕಳು ಒಂಬತ್ತನೇ ತರಗತಿಯಲ್ಲಿ ಇರುವಾಗಲೇ ಶಾಲೆಯ ದಾಖಲೆ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಮಸ್ಕಾರ.